ಬಿಲ್ಡರ್ ಪತ್ರದಲ್ಲಿ ಹೊಸ ದಿನಾಂಕ: ಹಳೆಯ ಕರಾರಿನ ಗತಿ ಏನು?

‘ಕೆಲವು ಅನುಮೋದನೆಗಳು ಬಾಕಿ ಇರುವುದರಿಂದ ಹಸ್ತಾಂತರ ತಡವಾಗಲಿದೆ. ಪರಿಷ್ಕೃತ ವೇಳಾಪಟ್ಟಿ ಲಗತ್ತಿಸಿದೆ.’ ಬೆಂಗಳೂರಿನಲ್ಲಿ ಕಟ್ಟುತ್ತಿರುವ ಫ್ಲ್ಯಾಟ್ ಕೊಂಡ ಅನೇಕರಿಗೆ ಇಂಥ ಪತ್ರ ಬರುತ್ತದೆ. ಒಂದು ಕಡೆ ಸಾಲದ ಕಂತು, ಇನ್ನೊಂದು ಕಡೆ ಬಾಡಿಗೆ ಕಟ್ಟುತ್ತಿರುವವರು ಹೊಸ ದಿನಾಂಕ ನೋಡಿ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ. ಸುಮ್ಮನಾಗುವ ಮುಂಚೆ ಎರಡು ಪ್ರಶ್ನೆ ಕೇಳಬೇಕು. ಬಾಕಿ ಇರುವುದು ಯಾವ ಅನುಮೋದನೆ? ಹೊಸ ದಿನಾಂಕ ಬಂದ ಮಾತ್ರಕ್ಕೆ ಹಳೆಯದು ಅಳಿಸಿಹೋಯಿತೇ?

ಮೊದಲ ಪ್ರಶ್ನೆ. ಅನುಮೋದನೆಗಳಲ್ಲಿ ಎರಡು ಬಗೆ. ನಕ್ಷೆ ಮಂಜೂರಾತಿಯಂಥವು ಕೆಲಸ ಶುರುವಾಗುವ ಮುಂಚೆಯೇ ಕೈಯಲ್ಲಿರಬೇಕು. ಯೋಜನೆಯನ್ನು ರೇರಾದಲ್ಲಿ ನೋಂದಾಯಿಸುವಾಗ ಮಂಜೂರಾದ ನಕ್ಷೆಯನ್ನೂ ಕಾಮಗಾರಿ ಆರಂಭಿಸಲು ಸಿಕ್ಕ ಪತ್ರವನ್ನೂ ಕೊಡಬೇಕೆಂದು 2016ರ ಕಾಯ್ದೆ ಹೇಳುತ್ತದೆ. ಹೀಗಿರುವಾಗ ಗೋಡೆ ಎದ್ದ ಮೇಲೆ ‘ನಕ್ಷೆಗೆ ಮಂಜೂರಾತಿ ಬಂದಿಲ್ಲ’ ಎಂದರೆ, ಮಧ್ಯದಲ್ಲಿ ನಕ್ಷೆ ಬದಲಾಗಿದೆಯೇ, ಮಹಡಿ ಹೆಚ್ಚಾಗಿದೆಯೇ ಎಂದು ವಿಚಾರಿಸಬೇಕು.

ಎರಡನೆಯ ಬಗೆಯವು ಕಟ್ಟಡ ಮುಗಿಯುತ್ತಾ ಬಂದಾಗ ಸಿಗುವಂಥವು. ಅಗ್ನಿಶಾಮಕ ಇಲಾಖೆಯವರು ಬಂದು ಪರಿಶೀಲಿಸಬೇಕು. ದೊಡ್ಡ ವಸತಿ ಸಮುಚ್ಚಯವಾದರೆ ಕೊಳಚೆ ನೀರಿನ ಶುದ್ಧೀಕರಣ ಘಟಕ ನೋಡಿ ಮಾಲಿನ್ಯ ನಿಯಂತ್ರಣ ಮಂಡಳಿ ಸಮ್ಮತಿ ಕೊಡಬೇಕು. ಇವೆಲ್ಲ ಕೂಡಿದ ಮೇಲೆ ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ‘ಓಸಿ’. ಇಲ್ಲಿ ಕಚೇರಿಗಳು ತಡಮಾಡುವುದು ನಿಜ. ಆದರೆ ಮಂಜೂರಾದ ನಕ್ಷೆ ಮೀರಿ ಕಟ್ಟಿದ್ದರಿಂದ, ಇಲ್ಲವೇ ಘಟಕ ಇನ್ನೂ ಮುಗಿಯದ್ದರಿಂದ ಓಸಿ ನಿಂತಿರುವುದೂ ಉಂಟು. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಓಸಿಗೆ ಅರ್ಜಿ ಹಾಕಿದ ದಿನಾಂಕ ಮತ್ತು ಸ್ವೀಕೃತಿ ಪ್ರತಿ ಕೇಳಿ. ಅರ್ಜಿಯನ್ನೇ ಹಾಕಿರದಿದ್ದರೆ ತಡವಾಗಿರುವುದು ಸರ್ಕಾರಿ ಕಚೇರಿಯಲ್ಲಿ ಅಲ್ಲ. ಬಾಕಿ ಇರುವ ಅನುಮೋದನೆಗಳನ್ನು ಬಿಲ್ಡರ್ ಮೂರು ತಿಂಗಳಿಗೊಮ್ಮೆ ರೇರಾ ವೆಬ್‌ಸೈಟ್‌ನಲ್ಲಿ ಹಾಕಬೇಕು. ಅದನ್ನು ಪತ್ರದ ಜತೆ ಹೋಲಿಸಿ ನೋಡಿ.

ಈಗ ಎರಡನೆಯ ಪ್ರಶ್ನೆ. ನೋಂದಣಿಯ ಅವಧಿಯನ್ನು ರೇರಾ ವಿಸ್ತರಿಸಬಹುದು. ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪದಂಥ ವಿಪತ್ತು ಇದಕ್ಕೆ ಕಾರಣವಾಗಬಹುದು. ಬಿಲ್ಡರ್ ತಪ್ಪಿಲ್ಲದ ಬೇರೆ ಕಾರಣಕ್ಕಾದರೆ ಒಟ್ಟು ಒಂದು ವರ್ಷ ಮೀರುವಂತಿಲ್ಲ. ಆದರೆ ಆ ವಿಸ್ತರಣೆ ಯೋಜನೆಯ ನೋಂದಣಿಗೆ ಸಂಬಂಧಿಸಿದ್ದು. ನಿಮಗೆ ಕೊಟ್ಟ ಮಾತು ಇರುವುದು ಕರಾರಿನಲ್ಲಿ. 2020ರ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: 18ನೇ ಸೆಕ್ಷನ್ ಅಡಿ ವಿಳಂಬವನ್ನು ಎಣಿಸುವುದು ಕರಾರಿನಿಂದ, ನೋಂದಣಿಯಿಂದ ಅಲ್ಲ.

ಆ ಸೆಕ್ಷನ್ ಎರಡು ದಾರಿ ತೋರಿಸುತ್ತದೆ. ಬೇಡವೆಂದರೆ ಕಟ್ಟಿದ ಹಣವನ್ನು ಬಡ್ಡಿಸಹಿತ ವಾಪಸ್ ಕೇಳಬಹುದು. ಮನೆಯೇ ಬೇಕೆಂದರೆ, ಕೈಗೆ ಸಿಗುವವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯಬಹುದು. ಕರ್ನಾಟಕದ ನಿಯಮದ ಪ್ರಕಾರ ಬಡ್ಡಿ ದರ ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್‌ಗಿಂತ ಶೇ 2 ಹೆಚ್ಚು.

ಲೆಕ್ಕ ಹಾಕಿ ನೋಡೋಣ. ಕರಾರಿನಂತೆ, ಅದರಲ್ಲಿರುವ ಹೆಚ್ಚುವರಿ ಕಾಲಾವಕಾಶವೂ ಸೇರಿ, ಮಾರ್ಚ್ ಕೊನೆಗೆ ಮನೆ ಸಿಗಬೇಕಿತ್ತು. ಪತ್ರ ಡಿಸೆಂಬರ್ ಕೊನೆ ಎನ್ನುತ್ತದೆ. ನೀವು ಕಟ್ಟಿರುವುದು 60 ಲಕ್ಷ ರೂಪಾಯಿ, ದರ ಶೇ 11 ಎಂದಿಟ್ಟುಕೊಳ್ಳಿ. ವರ್ಷಕ್ಕೆ 6.6 ಲಕ್ಷ, ತಿಂಗಳಿಗೆ 55 ಸಾವಿರ. ಒಂಬತ್ತು ತಿಂಗಳಿಗೆ 4.95 ಲಕ್ಷ ರೂಪಾಯಿ. ಪತ್ರದ ಜತೆ ‘ಪರಿಷ್ಕೃತ ದಿನಾಂಕಕ್ಕೆ ಒಪ್ಪಿದ್ದೇನೆ’ ಎಂಬ ಹಾಳೆ ಬಂದಿದ್ದರೆ, ಸಹಿ ಹಾಕುವಾಗ ಪಣಕ್ಕಿಡುತ್ತಿರುವುದು ಈ ಮೊತ್ತವನ್ನು.

ಇನ್ನೊಂದು ಎಚ್ಚರ. ಓಸಿ ಬರುವ ಮುಂಚೆಯೇ ‘ಕೀ ತಗೊಳ್ಳಿ, ಒಳಗಿನ ಕೆಲಸ ಶುರುಮಾಡಿ’ ಎಂದು ಕರೆದರೆ ಅದನ್ನು ಹಸ್ತಾಂತರ ಎಂದು ಒಪ್ಪಬೇಡಿ. ನೀರು, ವಿದ್ಯುತ್ ಸಂಪರ್ಕವನ್ನು ಓಸಿ ನೋಡಿದ ಮೇಲೆಯೇ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಓಸಿ ಬಂದ ಎರಡು ತಿಂಗಳೊಳಗೆ ಮನೆ ವಹಿಸಿಕೊಳ್ಳುವುದು ಕೊಂಡವರ ಹೊಣೆ. ಅದಕ್ಕೂ ಮೊದಲು ಅಲ್ಲ.

ಆದ್ದರಿಂದ ಪತ್ರಕ್ಕೆ ಬರಹದಲ್ಲೇ ಉತ್ತರ ಕೊಡಿ. ಬಾಕಿ ಅನುಮೋದನೆ ಯಾವುದು, ಅರ್ಜಿ ಹಾಕಿದ್ದು ಯಾವಾಗ ಎಂದು ಕೇಳಿ. ಹೊಸ ವೇಳಾಪಟ್ಟಿಯನ್ನು ಮಾಹಿತಿಯಾಗಿ ಮಾತ್ರ ಸ್ವೀಕರಿಸಿದ್ದೇನೆ, ಕರಾರಿನ ಹಕ್ಕು ಬಿಟ್ಟುಕೊಟ್ಟಿಲ್ಲ ಎಂದು ಒಂದು ಸಾಲು ಸೇರಿಸಿ. ನಾಳೆ ರೇರಾ ಮುಂದೆ ದೂರು ಕೊಡಬೇಕಾಗಿ ಬಂದರೆ ನಿಮ್ಮ ಪರವಾಗಿ ನಿಲ್ಲುವುದು ಆ ಒಂದು ಸಾಲು.