ಗೋಡೆಯಿಂದ ಒಂದೂವರೆ ಅಡಿ

ಗ್ರೋಸರಿಯ ಹಿಂದಿನ ಸ್ಟೋರಿನಲ್ಲಿ ಅಕ್ಕಿಗೋಣಿಯ ಮೂಲೆಯನ್ನು ಇಲಿ ಕಡಿದರೆ, ಅಥವಾ ಆಟಾ ಚೀಲದಲ್ಲಿ ಹುಳ ಕಂಡರೆ, ಮೊದಲು ಬೈಗುಳ ಬೀಳುವುದು ಸ್ಟೋರ್ ನೋಡಿಕೊಳ್ಳುವ ಹುಡುಗನಿಗೆ. "ನಿನ್ನ ಕಣ್ಣು ಎಲ್ಲಿತ್ತು ಮೋನೆ?" ಎಂಬ ಮಾತಿನಿಂದ ಶುರುವಾಗಿ, ಕೆಲವು ಕಡೆ ಆ ಗೋಣಿಯ ದುಡ್ಡು ಅವನ ಸಂಬಳದಿಂದ ಹೋಗುವವರೆಗೆ ಅದು ಮುಟ್ಟುತ್ತದೆ. ಇದು ಸರಿಯಲ್ಲ ಎಂದು ನಾವು ಹೇಳುತ್ತೇವೆ. ಹುಡುಗರ ಮೇಲಿನ ಕನಿಕರದಿಂದ ಮಾತ್ರ ಹೇಳುತ್ತಿಲ್ಲ. ಆ ಗೋಣಿ ಹಾಳಾಗುವುದು ಹೆಚ್ಚಾಗಿ ನಿರ್ಧಾರವಾಗುವುದು ಮಾಲು ಇಳಿಸಿದ ದಿನವೇ: ಎಷ್ಟು ಗೋಣಿ ತರಿಸಿದರು, ಎಲ್ಲಿ ಇಡಿಸಿದರು, ಗೋಡೆಗೂ ಗೋಣಿಗೂ ನಡುವೆ ಎಷ್ಟು ಜಾಗ ಬಿಡಿಸಿದರು ಎಂಬುದರಲ್ಲಿ. ಈ ಮೂರರಲ್ಲಿ ಒಂದೂ ಹುಡುಗನ ಕೈಯಲ್ಲಿಲ್ಲ.

ಇಲಿಯ ನಡೆಯನ್ನು ಮೊದಲು ನೋಡೋಣ. ಇಲಿಗೆ ಬಯಲು ಎಂದರೆ ಭಯ. ಮೀಸೆಯೋ ಮೈಯೋ ಏನಾದರೊಂದಕ್ಕೆ ತಾಗುತ್ತಿದ್ದರೆ ಅದಕ್ಕೆ ಧೈರ್ಯ. ಅದಕ್ಕೇ ಅದು ಕೋಣೆಯ ನಡುವೆ ಓಡದೆ ಗೋಡೆಯ ಬುಡ ಹಿಡಿದು ಓಡುತ್ತದೆ. ಅದೇ ದಾರಿಯಲ್ಲಿ ದಿನಾ ಓಡಿ ಓಡಿ ಗೋಡೆಯ ಕೆಳಭಾಗದಲ್ಲಿ ಎಣ್ಣೆ ಒರೆಸಿದಂಥ ಕಪ್ಪು ಗೆರೆ ಬೀಳುತ್ತದೆ. ಗೋಣಿಯನ್ನು ಗೋಡೆಗೆ ಒತ್ತಿ ಇಟ್ಟರೆ ಜಾಗ ಉಳಿಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಗೋಣಿ ಇಟ್ಟಿಗೆಯ ಹಾಗೆ ನೇರವಾಗಿ ಕೂರುವುದಿಲ್ಲ. ಅದರ ಹೊಟ್ಟೆ ಉಬ್ಬಿರುತ್ತದೆ, ಮೂಲೆ ಬಾಗಿರುತ್ತದೆ, ಗೋಡೆಯ ಬುಡದಲ್ಲಿ ನಾಲ್ಕು ಬೆರಳಿನಷ್ಟು ಸಂದು ಉಳಿದೇ ಉಳಿಯುತ್ತದೆ. ಆ ಸಂದು ಇಲಿಗೆ ಮೇಲ್ಛಾವಣಿ ಇರುವ ಹೆದ್ದಾರಿ. ಕತ್ತಲೆ, ಎರಡೂ ಕಡೆ ಮೈ ತಾಗುವ ಗೋಡೆ, ಪಕ್ಕದಲ್ಲೇ ಊಟ. ಮರಿ ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಅದಕ್ಕೆ ಬೇರೆ ಸಿಗದು.

ಹಾಗಾಗಿ ಸ್ವಲ್ಪ ಜಾಗ ಬಿಟ್ಟರೂ ಆಯಿತು ಎನ್ನುವುದು ನಡೆಯುವುದಿಲ್ಲ. ನಾಲ್ಕಿಂಚಿನ ಸಂದು ಇಲಿಗೆ ಲಾಭ, ನಮಗೆ ನಷ್ಟ. ಅಲ್ಲಿ ಪೊರಕೆ ಹೋಗದು, ಕಣ್ಣು ಹೋಗದು, ಬೋನು ಇಡಲಾಗದು. ಬಿಡುವುದಾದರೆ ಒಬ್ಬ ಮನುಷ್ಯ ಅಡ್ಡವಾಗಿ ತಿರುಗಿ ಟಾರ್ಚ್ ಹಿಡಿದು ನುಗ್ಗುವಷ್ಟು ಬಿಡಬೇಕು. ಅದು ಸುಮಾರು 45 ಸೆಂಟಿಮೀಟರ್, ನಮ್ಮ ಲೆಕ್ಕದಲ್ಲಿ ಒಂದೂವರೆ ಅಡಿ. ನೆಲದಿಂದ ಎತ್ತರ 15 ಸೆಂಟಿಮೀಟರ್, ಅಂದರೆ ಅರ್ಧ ಅಡಿ. ಪೊರಕೆ ಅಡಿಯಲ್ಲಿ ಆಚೆಯಿಂದ ಈಚೆಗೆ ಬರಬೇಕು. ತಪಾಸಣೆಗೆ ಬರುವವರು ಟಾರ್ಚ್ ಬಿಡುವುದೂ ಮೊದಲು ಇಲ್ಲಿಗೇ.

ನೆಲದಿಂದ ಎತ್ತುವುದು ಇಲಿಗಿಂತಲೂ ಹೆಚ್ಚಾಗಿ ಹುಳದ ಮತ್ತು ತೇವದ ವಿಷಯ. ಊರಿನ ಹಳೆಯ ಮನೆಗಳಲ್ಲಿ ಅಕ್ಕಿಮುಡಿಯನ್ನು ಬರೀ ನೆಲದ ಮೇಲೆ ಉರುಳಿಸಿ ಬಿಡುತ್ತಿರಲಿಲ್ಲ, ಅಡಿಗೆ ಮರ ಕೊಟ್ಟೇ ಇಡುತ್ತಿದ್ದರು. ಇಲ್ಲಿ ಮರುಭೂಮಿ, ಮಳೆಯಿಲ್ಲ, ಥಂಡಿ ಎಲ್ಲಿಂದ ಎಂದು ಕೇಳುವವರಿದ್ದಾರೆ. ಶಾರ್ಜಾ, ದುಬೈ, ಅಜ್ಮಾನ್ ಎಲ್ಲ ಕಡಲ ಬದಿಯ ಊರುಗಳು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ರಾತ್ರಿ ಹೊರಗೆ ಬಂದರೆ ಕನ್ನಡಕಕ್ಕೆ ಮಂಜು ಹಿಡಿಯುವುದಿಲ್ಲವೇ? ಅದೇ ಸಂಗತಿ ಸ್ಟೋರಿನಲ್ಲೂ ನಡೆಯುತ್ತದೆ. ಅಂಗಡಿಯೊಳಗೆ ಎ.ಸಿ., ಹಿಂದಿನ ಸ್ಟೋರಿನಲ್ಲಿ ಇಲ್ಲ. ನಡುವಿನ ಗೋಡೆಯೂ ಅದರ ಬುಡದ ನೆಲವೂ ತಣ್ಣಗಿರುತ್ತವೆ. ಹೊರಗಿನ ಹಸಿಗಾಳಿ ಬಂದು ಅಲ್ಲಿ ಬೆವರುತ್ತದೆ. ಗೋಡೆಯ ಆ ಕಡೆ ಫ್ರಿಜ್ ಇಟ್ಟಿದ್ದರೆ ಇನ್ನೂ ಹೆಚ್ಚು. ಗೋಣಿ ಆ ತೇವವನ್ನು ಹೀರುತ್ತದೆ. ಅಕ್ಕಿಹುಳಕ್ಕೆ ಬೇಕಾದದ್ದೂ ಅದೇ. ಒಣಗಿ ಗರಿಗರಿಯಾದ ಕಾಳಿನಲ್ಲಿ ಅದರ ಸಂತಾನ ಸರಿಯಾಗಿ ಬೆಳೆಯುವುದಿಲ್ಲ, ಸ್ವಲ್ಪ ಮೆತ್ತಗಾದ ಕಾಳಿನಲ್ಲಿ ಜೋರಾಗಿ ಬೆಳೆಯುತ್ತದೆ.

ಮುಖದ ತುದಿಗೆ ಸಣ್ಣ ಸೊಂಡಿಲಿರುವ ಈ ಅಕ್ಕಿಹುಳದ ಬದುಕು ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಹೆಣ್ಣುಹುಳ ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆಯಿಟ್ಟು ತೂತನ್ನು ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಕಾಳು ಸ್ವಚ್ಛ. ಮರಿ ಒಳಗೇ ತಿಂದು, ಒಳಗೇ ಬೆಳೆದು, 30 ಡಿಗ್ರಿ ಸುಮಾರಿನ ಸೆಕೆಯಲ್ಲಿ ನಾಲ್ಕೈದು ವಾರಕ್ಕೆ ಹುಳವಾಗಿ ಹೊರಬರುತ್ತದೆ. ಅಂದರೆ ಇಂದು ಇಳಿಸಿದ ಚೊಕ್ಕ ಅಕ್ಕಿಯಲ್ಲಿ ಒಂದು ತಿಂಗಳ ಮೇಲೆ ಹುಳ ಕಂಡರೆ, ಅದು ಹುಡುಗ ನಿನ್ನೆ ಗುಡಿಸದೆ ಇದ್ದದ್ದರಿಂದ ಬಂದದ್ದಲ್ಲ. ಗೋಣಿಯ ಜೊತೆಗೇ ಬಂದಿರಬಹುದು, ಅಥವಾ ಪಕ್ಕದ ಹಳೆಯ ಗೋಣಿಯಿಂದ ನಡೆದು ಬಂದಿರಬಹುದು. ಆ ಹಳೆಯ ಗೋಣಿ ಅಲ್ಲಿ ಯಾಕೆ ಉಳಿಯಿತು ಎಂಬುದೇ ಕೇಳಬೇಕಾದ ಪ್ರಶ್ನೆ.

ಒಂದು ಸ್ಟೋರಿನ ಲೆಕ್ಕ ಹಾಕಿ ನೋಡೋಣ. ಲೇಬರ್ ಕ್ಯಾಂಪ್ ಬದಿಯ ಗ್ರೋಸರಿ. ಸ್ಟೋರಿನ ಉದ್ದ ಮೂರೂವರೆ ಮೀಟರ್, ಅಗಲ 2.4 ಮೀಟರ್, ಬಾಗಿಲು ಒಂದೇ. ಅಕ್ಕಿ, ಆಟಾ, ಸಕ್ಕರೆ ಎಲ್ಲ ಸೇರಿ ವಾರಕ್ಕೆ ಒಂಬತ್ತು ಗೋಣಿ ಹೋಗುತ್ತದೆ. ಸಾವುಕಾರರು ಹೋಲ್‌ಸೇಲ್‌ನಲ್ಲಿ ರೇಟ್ ಸಿಕ್ಕಿತೆಂದು 55 ಗೋಣಿ ಇಳಿಸಿದರು. ಮೂರೂ ಗೋಡೆಗೆ ಒತ್ತಿ, ಬಾಗಿಲವರೆಗೆ ತುಂಬಿತು. 55 ಗೋಣಿ ಖಾಲಿಯಾಗಲು ಆರು ವಾರ ಬೇಕು. ಆದರೆ ಆರು ವಾರದಲ್ಲಿ ಖಾಲಿಯಾಗುವುದಿಲ್ಲ, ಯಾಕೆಂದರೆ ಮೂರನೇ ವಾರಕ್ಕೆ ಬಾಗಿಲ ಬಳಿ ಜಾಗವಾದ ಕೂಡಲೇ ಹೊಸ ಮಾಲು ಬಂದು ಅಲ್ಲೇ ಕೂರುತ್ತದೆ. ಹುಡುಗ ಕೈಗೆ ಸಿಕ್ಕಿದ ಹೊಸ ಗೋಣಿಯನ್ನೇ ಎತ್ತಬೇಕಾಗುತ್ತದೆ. ಹಿಂದಿನ ಗೋಡೆಯ ಬುಡದ ಗೋಣಿ ನಾಲ್ಕು ತಿಂಗಳಾದರೂ ಬೆಳಕು ಕಾಣುವುದಿಲ್ಲ. ಅಲ್ಲಿ ಹುಳಕ್ಕೆ ಮೂರು ತಲೆಮಾರು ಕಳೆಯುತ್ತದೆ.

ಈಗ ಅದೇ ಕೋಣೆಯಲ್ಲಿ ಎರಡು ಪ್ಯಾಲೆಟ್ ಇಡಿ. ಸಾಮಾನ್ಯ ಪ್ಯಾಲೆಟ್‌ನ ಅಳತೆ 120 ಮತ್ತು 100 ಸೆಂಟಿಮೀಟರ್, ಎತ್ತರ ಸರಿಸುಮಾರು ನಮಗೆ ಬೇಕಾದಷ್ಟೇ. ಹಿಂದಿನ ಗೋಡೆಯಿಂದ ಒಂದೂವರೆ ಅಡಿ, ಎಡಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಒಂದರ ಹಿಂದೆ ಒಂದರಂತೆ ಉದ್ದಕ್ಕೆ ಇಟ್ಟರೆ, ಬಲಗಡೆ 95 ಸೆಂಟಿಮೀಟರಿನ ದಾರಿ ಉಳಿಯುತ್ತದೆ, ಎರಡೂ ಪ್ಯಾಲೆಟಿಗೆ ಕೈ ಸಿಗುತ್ತದೆ. ಒಂದು ಸಾಲಿಗೆ 40 ಕಿಲೋದ ಮೂರು ಗೋಣಿ: ಎರಡು ಉದ್ದಕ್ಕೆ, ಒಂದು ಅಡ್ಡಕ್ಕೆ. ಮೇಲಿನ ಸಾಲಿನಲ್ಲಿ ದಿಕ್ಕು ತಿರುಗಿಸಿ ಇಟ್ಟರೆ ಒಂದಕ್ಕೊಂದು ಹಿಡಿದುಕೊಂಡು ಜಾರುವುದಿಲ್ಲ. ಆರು ಸಾಲಿಗೆ 18 ಗೋಣಿ, ಎರಡು ಪ್ಯಾಲೆಟಿಗೆ 36. ಅದಕ್ಕಿಂತ ಎತ್ತರ ಮಾಡಿದರೆ ಎತ್ತುವವನ ಸೊಂಟ ಹೋಗುತ್ತದೆ.

"ಹತ್ತೊಂಬತ್ತು ಗೋಣಿಯ ಜಾಗ ಗಾಳಿಗೆ ಬಿಡ್ಬೇಕಾ?" ಎಂದು ಸಾವುಕಾರರು ಕೇಳುತ್ತಾರೆ. ಕೇಳುವುದು ನ್ಯಾಯವೇ, ಬಾಡಿಗೆ ಕಟ್ಟುವವರು ಅವರು. ಆದರೆ ವಾರಕ್ಕೆ ಒಂಬತ್ತು ಹೋಗುವ ಅಂಗಡಿಗೆ 36 ಅಂದರೆ ನಾಲ್ಕು ವಾರದ ಮಾಲು. ಹೋಲ್‌ಸೇಲ್ ವ್ಯಾನ್ ವಾರ ವಾರ ಬೀದಿಯಲ್ಲಿ ತಿರುಗುವ ಊರಿನಲ್ಲಿ ಅದೇ ಹೆಚ್ಚಾಯಿತು. ರಂಝಾನ್ ಮುಂಚಿನ ರಶ್ ಬೇರೆ ಮಾತು, ಆಗ ಮಾಲು ನಿಲ್ಲುವುದೂ ಇಲ್ಲ. ಉಳಿದ ದಿನಗಳಲ್ಲಿ ಒಂದು ಪ್ಯಾಲೆಟ್ ಪೂರ್ತಿ ಖಾಲಿಯಾಗುವವರೆಗೆ ಅದರಿಂದಲೇ ಮಾರುವುದು, ಹೊಸ ಮಾಲನ್ನು ಇನ್ನೊಂದರ ಮೇಲೆ ಮಾತ್ರ ಇಳಿಸುವುದು. ಖಾಲಿಯಾದ ದಿನ ಅದನ್ನು ಎಬ್ಬಿಸಿ ನಿಲ್ಲಿಸಿ ಅಡಿ ಗುಡಿಸುವುದು. ಹಳತು ಹೊಸತು ಬೆರೆಯುವ ಪ್ರಶ್ನೆಯೇ ಬರುವುದಿಲ್ಲ. ಗೋಣಿಯ ಮೇಲೆ ಮಾರ್ಕರ್‌ನಲ್ಲಿ ಇಳಿಸಿದ ತಾರೀಕು ಬರೆದಿಟ್ಟರೆ ಯಾರು ಯಾರಿಗೂ ಸಾಕ್ಷಿ ಹೇಳಬೇಕಿಲ್ಲ.

ಪ್ಯಾಲೆಟ್ ಬಗ್ಗೆ ಒಂದು ಮಾತು. ಬೀದಿ ಬದಿಯಲ್ಲಿ ಪುಕ್ಕಟೆ ಸಿಗುವ ಹಳೆಯ ಮರದ ಪ್ಯಾಲೆಟ್ ತರಬೇಡಿ. ಅದರ ಬಿರುಕಿನಲ್ಲಿ ಹಿಂದಿನ ಮಾಲಿನ ಹಿಟ್ಟೂ ಹುಳವೂ ಕೂತಿರುತ್ತವೆ. ಪ್ಲಾಸ್ಟಿಕ್ಕಿನದು ತೊಳೆಯಲು ಬರುತ್ತದೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಕ್ರೇಟ್‌ಗಳನ್ನು ಕವುಚಿ ಹಾಕಿದರೂ ನಡೆಯುತ್ತದೆ, ಆದರೆ ಕ್ರೇಟಿನ ಒಳಗೆ ಪೊರಕೆ ಹೋಗುವುದಿಲ್ಲವಾದ್ದರಿಂದ ಪ್ರತಿ ಸಲ ಎತ್ತಿ ಗುಡಿಸಬೇಕು. ರಟ್ಟನ್ನು ಹಾಸಿ ಅದರ ಮೇಲೆ ಗೋಣಿ ಇಡುವುದು ಮಾತ್ರ ಯಾವ ಪ್ರಯೋಜನಕ್ಕೂ ಇಲ್ಲ. ತೇವ ಹೀರಿಕೊಂಡು, ಅಡಿಯಲ್ಲಿ ಜಿರಳೆಗೂ ಮನೆಯಾಗುತ್ತದೆ.

ಇಷ್ಟು ಮಾಡಿದರೆ ಎಲ್ಲ ಮುಗಿಯಿತೆಂದು ನಾವು ಹೇಳುವುದಿಲ್ಲ. ಕಾಳಿನೊಳಗೆ ಮೊಟ್ಟೆ ಇದ್ದೇ ಬಂದ ಗೋಣಿಯನ್ನು ಯಾವ ಪ್ಯಾಲೆಟ್ಟೂ ಸರಿ ಮಾಡದು. ಜಾಗ ಬಿಡುವುದರ ಲಾಭವೆಂದರೆ ಅದು ಬೇಗ ಗೊತ್ತಾಗುತ್ತದೆ. ಪ್ಯಾಲೆಟ್ ಅಡಿಯ ಗುಡಿಸಿದ ನೆಲದಲ್ಲಿ ಮರುದಿನ ಹಿಟ್ಟಿನಂಥ ಧೂಳು ಬಿದ್ದಿದ್ದರೆ ಮೇಲಿನ ಗೋಣಿ ನೋಡಿ. ಗೋಣಿಯ ಹೊಲಿಗೆಯ ಬಳಿ ಹುಳ ಹತ್ತುತ್ತಿದೆಯೇ, ಒಳಗೆ ಕೈ ಹಾಕಿದರೆ ಬೆಚ್ಚಗಿದೆಯೇ? ಹಿಡಿ ಅಕ್ಕಿ ನೀರಿಗೆ ಹಾಕಿದರೆ ತೂತಾದ ಕಾಳು ತೇಲುತ್ತದೆ. ಅಂಥ ಗೋಣಿಯನ್ನು ಅವತ್ತೇ ಸ್ಟೋರಿನಿಂದ ಹೊರಗೆ ತೆಗೆಯಬೇಕು, ಹೋಲ್‌ಸೇಲಿನವರಿಗೆ ಫೋಟೋ ಕಳಿಸಬೇಕು. ಇಲಿಯಾದರೆ ಹಿಕ್ಕೆ ನೋಡಿ. ಅಕ್ಕಿಕಾಳಿನಷ್ಟು ಸಣ್ಣದು, ತುದಿ ಚೂಪು ಎಂದರೆ ಸಣ್ಣಿಲಿ. ಅರ್ಧ ಇಂಚಿನಿಂದ ಮೇಲೆ ಎಂದರೆ ದೊಡ್ಡದು. ಸಣ್ಣಿಲಿಗೆ ಪೆನ್ಸಿಲ್ ತೂರುವಷ್ಟು ಸಂದು ಸಾಕು, ಆದ್ದರಿಂದ ಬಾಗಿಲಿನ ಅಡಿಯ ಸಂದಿಗೆ ಪಟ್ಟಿ ಹೊಡೆಸದೆ ಬೋನು ಎಷ್ಟಿಟ್ಟರೂ ದಣಿವಷ್ಟೇ. ಬೋನನ್ನು ಕೋಣೆಯ ನಡುವೆ ಇಡದೆ, ಬಿಟ್ಟ ಆ ಒಂದೂವರೆ ಅಡಿಯಲ್ಲಿ ಗೋಡೆಗೆ ಅಡ್ಡವಾಗಿ, ತಿಂಡಿಯ ತುದಿ ಗೋಡೆಗೆ ತಾಗುವಂತೆ ಇಡಿ.

ಇನ್ನು, ನಾವು ಇದನ್ನು ಬರೆಯಲು ಕುಳಿತ ಮುಖ್ಯ ಕಾರಣ. ಹುಳ ಹೆಚ್ಚಾದಾಗ ಯಾರೋ ಕೈಯಿಂದ ಕೈಗೆ "ಅಕ್ಕಿಗೆ ಇಡುವ ಗುಳಿಗೆ" ತಂದುಕೊಡುತ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಬರುತ್ತದೆ. ದೊಡ್ಡ ಗೋದಾಮುಗಳಲ್ಲಿ ತರಬೇತಿ ಇದ್ದವರು ಜನರನ್ನು ಹೊರಗೆ ಹಾಕಿ, ಬೀಗ ಹಾಕಿ ಬಳಸುವ ವಸ್ತು ಅದು. ಸ್ಟೋರಿನ ಬಾಗಿಲು ಮುಚ್ಚಿದರೂ ಅನಿಲ ಗೋಡೆಯ ಬಿರುಕಿನಲ್ಲಿ, ಪೈಪಿನ ಸಂದಿನಲ್ಲಿ, ಎ.ಸಿ. ದಾರಿಯಲ್ಲಿ ಪಕ್ಕದ ಕೋಣೆಗೆ ಹೋಗುತ್ತದೆ. ನಿದ್ದೆಯಲ್ಲಿದ್ದವರು ಏಳದೆ ಹೋದ ಪ್ರಸಂಗಗಳು ಈ ದೇಶದಲ್ಲೇ ಆಗಿವೆ, ಮಕ್ಕಳೂ ಹೋಗಿದ್ದಾರೆ. ನಮ್ಮ ಎಷ್ಟು ಹುಡುಗರು ಸ್ಟೋರಿನ ಮೇಲಿನ ಅಟ್ಟದಲ್ಲಿ, ಇಲ್ಲವೇ ಗೋಡೆಯ ಆ ಬದಿಯಲ್ಲಿ ಮಲಗುತ್ತಾರೆ ಎಂಬುದು ಸಾವುಕಾರರಿಗೆ ಗೊತ್ತಿಲ್ಲದ್ದಲ್ಲ. ಗುಳಿಗೆ ಇಡು ಎಂದರೆ ಹುಡುಗ "ಇಲ್ಲ" ಎನ್ನಬೇಕು, ಆ ಮಾತಿಗೆ ನಾವು ಜೊತೆಗಿರುತ್ತೇವೆ. ಔಷಧಿ ಹೊಡೆಸಲೇಬೇಕಿದ್ದರೆ ಲೈಸೆನ್ಸ್ ಇರುವ ಕಂಪೆನಿಯವರೇ ಬರಲಿ, ಬಿಲ್ ಅಂಗಡಿಯ ಹೆಸರಿಗೆ ಬರಲಿ.

ಊರಿನಲ್ಲಿರುವ ಮನೆಯವರಿಗೂ ಇದನ್ನು ಓದಿ ಹೇಳಿ. ಮಗ ಫೋನಿನಲ್ಲಿ ಈ ತಿಂಗಳು ದುಡ್ಡು ಕಡಿಮೆ ಬಂತು, ಗೋಣಿ ಹಾಳಾಯಿತೆಂದು ಹಿಡಿದರು ಎಂದರೆ, ಸ್ಟೋರಿನಲ್ಲಿ ಗೋಡೆಯಿಂದ ಎಷ್ಟು ಜಾಗ ಬಿಟ್ಟಿದ್ದರು ಎಂದು ಕೇಳಿ. ಮಾಲು ಇಳಿಸಿದ ದಿನ ಅವನೊಂದು ಫೋಟೋ ತೆಗೆದಿಟ್ಟುಕೊಳ್ಳಲಿ, ಗೋಡೆಯೂ ನೆಲವೂ ಗೋಣಿಯ ಮೇಲಿನ ತಾರೀಕೂ ಕಾಣುವಂತೆ.