ಬಸವರಾಜನ ತಪ್ಪೇನು?

ಕನ್ನಡದಲ್ಲಿ ಬಸವರಾಜ ಎಂದು ಬರೆಯಲು ಒಂದೇ ದಾರಿ. ಇಂಗ್ಲಿಷಿಗೆ ಬಂದರೆ Basavaraj, Basavaraja, Basvaraj, Baswaraj. ಇವುಗಳಲ್ಲಿ ಯಾವುದು ಸರಿ? ಎಲ್ಲವೂ ಸರಿ. ಆದರೂ ಎರಡು ಕಾರ್ಡುಗಳಲ್ಲಿ ಎರಡು ಬಗೆ ಇದ್ದರೆ ‘ನೋಡಿ ಬರೆಸಬಾರದಿತ್ತೇ?’ ಎಂದು ಬೈಸಿಕೊಳ್ಳುವವನು ಬಸವರಾಜನೇ. ಪಟಾನ್‌ಚೆರುವಿನ ಹೆಸರನ್ನೇ ಇಲ್ಲಿನ ಬೋರ್ಡುಗಳಲ್ಲಿ Patancheru ಎಂದೂ Patancheruvu ಎಂದೂ ಬರೆಯುತ್ತಾರೆ. ಊರಿಗೆ ಆ ಸಲುಗೆ ಇದೆ, ಅಲ್ಲಿ ದುಡಿಯುವವನಿಗೆ ಇಲ್ಲ.

ಬೀದರ್, ಹುಮನಾಬಾದ್ ಕಡೆಯಿಂದ ಇಲ್ಲಿನ ಕಾರ್ಖಾನೆಗಳಿಗೆ ಬಂದವರ ಪಿಎಫ್ ಅರ್ಜಿಗಳನ್ನು ತುಂಬಿಕೊಡುವಾಗ ನಾನು ಮತ್ತೆ ಮತ್ತೆ ಕಾಣುವುದು ಒಂದೇ ಬಗೆಯ ತೊಡಕು. ಅದನ್ನು ಒಂದು ಉದಾಹರಣೆಯಾಗಿ ಕಟ್ಟಿ ಹೇಳುತ್ತೇನೆ. ನಮ್ಮ ಬಸವರಾಜನ ಅಪ್ಪ ಶರಣಪ್ಪ. ಅವನ ದಾಖಲೆಗಳಲ್ಲಿ ಹೀಗಿದೆ:

```
PAN:     BASAVARAJ SHARANAPPA
Aadhaar: S Baswaraj
PF:      BASAVARAJ SHARANAPPA
```

ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರಿನ ಖಾನೆ ಕಡ್ಡಾಯ, ಅಲ್ಲಿ ಬರೀ ಇನಿಶಿಯಲ್ ನಡೆಯುವುದಿಲ್ಲ. ಅಡ್ಡಹೆಸರು ಬಳಸದವನು ಅಪ್ಪನ ಹೆಸರು ಬರೆದ. ಆಧಾರ್ ಮಾಡಿಸಿದ್ದು ಇಲ್ಲಿ, ಆಪರೇಟರ್ ಇಲ್ಲಿನ ರೂಢಿಯಂತೆ ಇನಿಶಿಯಲ್ ಮುಂದಿಟ್ಟು, v ಬದಲು w ಹೊಡೆದ. ಕಂಪನಿಯವರು ಪಿಎಫ್‌ಗೆ ಪ್ಯಾನ್ ನೋಡಿ ಹೆಸರು ಕೊಟ್ಟರು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೆ ಕಂಪ್ಯೂಟರು ಹೋಲಿಸುವುದು ಮನುಷ್ಯನನ್ನಲ್ಲ, ಅಕ್ಷರಗಳ ಸಾಲನ್ನು. S ಎಂದರೆ ಶರಣಪ್ಪ ಎಂದು ಅದಕ್ಕೆ ಗೊತ್ತಿಲ್ಲ. ಆಧಾರ್ ಪಿಎಫ್‌ಗೂ ಜೋಡಣೆಯಾಗುವುದಿಲ್ಲ, ಪ್ಯಾನ್‌ಗೂ ಆಗುವುದಿಲ್ಲ.

ಇದರ ಬೆಲೆ ರೂಪಾಯಿಯಲ್ಲಿ ಬೀಳುತ್ತದೆ. ಐದು ವರ್ಷದ ಸೇವೆ ತುಂಬುವ ಮೊದಲು 50,000 ರೂಪಾಯಿಗಿಂತ ಹೆಚ್ಚಿನ ಪಿಎಫ್ ತೆಗೆದರೆ, ಪ್ಯಾನ್ ಸರಿಯಿದ್ದವನಿಗೆ 10 ಪ್ರತಿಶತ ತೆರಿಗೆ ಕಡಿತ, ಪ್ಯಾನ್ ಇಲ್ಲದವನಿಗೆ 20. ಆಧಾರ್ ಜೋಡಣೆಯಾಗದೆ ನಿಷ್ಕ್ರಿಯವಾದ ಪ್ಯಾನ್ ಇದ್ದೂ ಇಲ್ಲದ ಲೆಕ್ಕ.

ಈಗ ಸೈಬರ್ ಕೆಫೆಯವರು ಕೊಡುವ ಸಲಹೆ ಕೇಳಿ: ‘ಆಧಾರೇ ದೊಡ್ಡದು, ಪ್ಯಾನನ್ನು ಅದರಂತೆ ಮಾಡಿಸಿಬಿಡಿ.’ ಇದೇ ದೊಡ್ಡ ಗುಂಡಿ. ಆಧಾರ್‌ನಲ್ಲಿರುವ S ಅನ್ನು ಪ್ಯಾನ್ ಒಪ್ಪದು, ಬಿಡಿಸಿ ಬರೆ ಎನ್ನುತ್ತದೆ. ಬಿಡಿಸಿದರೆ `SHARANAPPA BASWARAJ` ಆಗುತ್ತದೆ. ಆಧಾರ್‌ಗೂ ಹೊಂದಲಿಲ್ಲ, ಹೊಂದುತ್ತಿದ್ದ ಪಿಎಫ್ ಕೂಡ ಕೈಬಿಟ್ಟಿತು. ಎರಡಿದ್ದ ಹೆಸರು ಮೂರಾಯಿತು.

ತಿದ್ದಬೇಕಾದದ್ದು ಇನಿಶಿಯಲ್ ಇರುವ ದಾಖಲೆಯನ್ನು, ಎಂದರೆ ಇಲ್ಲಿ ಆಧಾರನ್ನು. ಹೆಸರಿನ ಪುರಾವೆಯಾಗಿ ಪ್ಯಾನ್ ಕಾರ್ಡನ್ನೇ ಕೊಡಬಹುದು. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಆದ್ದರಿಂದ ಕೇಂದ್ರದಲ್ಲಿ ಆಪರೇಟರ್ ಒತ್ತುವ ಮೊದಲು ನಿಮ್ಮ ಕಡೆಗಿರುವ ಪರದೆಯಲ್ಲಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ, ಕೊಡುವ ಚೀಟಿಯಲ್ಲಿ ಇನ್ನೊಮ್ಮೆ ಓದಿ. ಎರಡೂ ಅವಕಾಶ ಮುಗಿದಿದ್ದರೆ 1947ಕ್ಕೆ ಫೋನ್ ಮಾಡಿ, ಪ್ರಾದೇಶಿಕ ಕಚೇರಿಗೆ ಹೋಗುವ ದಾರಿ ಉಳಿದಿರುತ್ತದೆ.

ಆಧಾರ್ ಬದಲಾದ ಮೇಲೆ ಮೊದಲು ಪ್ಯಾನ್ ಜೋಡಿಸಿ, ನಂತರ ಪಿಎಫ್. ಹೆಸರು, ಲಿಂಗ, ಹುಟ್ಟಿದ ದಿನ ಮೂರೂ ತಾಳೆಯಾದರೆ ಕೆವೈಸಿ ಮೂಲಕವೇ ಜೋಡಣೆ ಮುಗಿಯುತ್ತದೆ. ಪಿಎಫ್‌ನಲ್ಲಿರುವ ಹೆಸರೇ ತಪ್ಪಾಗಿದ್ದವರು ಮಾತ್ರ ಜಂಟಿ ಘೋಷಣೆ ಹಾಕಬೇಕು. ಪಾಸ್‌ಪೋರ್ಟ್ ಇದ್ದವರು, ಹೊರದೇಶಕ್ಕೆ ಓದಲು ಹೊರಟವರು, ಏನನ್ನೂ ಮುಟ್ಟುವ ಮೊದಲು ಅದನ್ನೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ತಿದ್ದಿಸಲು ಅತಿ ಕಷ್ಟವಾದ ಕಾಗದ ಯಾವುದೋ, ಉಳಿದವು ಅದರ ಹಿಂದೆ ಹೋಗಲಿ.

ಇಷ್ಟು ಬಿಗಿ ಇರುವುದು ಮೋಸ ತಡೆಯಲು ಎನ್ನುತ್ತಾರೆ. ಒಬ್ಬನ ಹಣ ಇನ್ನೊಬ್ಬ ಎತ್ತಬಾರದು, ನಿಜ. ಆದರೆ ಇವನ ಹತ್ತು ಬೆರಳು, ಎರಡು ಕಣ್ಣು ಸರ್ಕಾರದ ಬಳಿ ಇವೆ. ಬೆರಳು ಒಪ್ಪಿದ ಮನುಷ್ಯನನ್ನು w ಒಪ್ಪುವುದಿಲ್ಲ ಎಂದರೆ ಅದು ಯಾವ ಭದ್ರತೆ? ಆಧಾರ್ ಕಾರ್ಡಿನ ಮೇಲೆ ನಮ್ಮ ಭಾಷೆಯಲ್ಲೂ ಹೆಸರು ಅಚ್ಚಾಗಿರುತ್ತದೆ, ಹೋಲಿಸುವಾಗ ಅದು ಲೆಕ್ಕಕ್ಕೇ ಇಲ್ಲ. ಕನ್ನಡದ ಹೆಸರನ್ನು ಇಂಗ್ಲಿಷಿಗೆ ಇಳಿಸಲು ಒಂದು ನಿಯಮವನ್ನು ಯಾರೂ ಜನರ ಕೈಗೆ ಕೊಡಲಿಲ್ಲ. ಇಲ್ಲದ ನಿಯಮ ಮುರಿದದ್ದಕ್ಕೆ ದಂಡ ಮಾತ್ರ ಇದೆ.

ನಾನು ಕೇಳುವುದು ದೊಡ್ಡದೇನಲ್ಲ. ರಿಜೆಕ್ಟ್ ಮಾಡುವಾಗ ‘ಹೆಸರು ಹೊಂದುತ್ತಿಲ್ಲ’ ಎಂದು ಬಾಗಿಲು ಹಾಕಿಕೊಳ್ಳುವ ಬದಲು, ಎಲ್ಲಿ ಹೊಂದುತ್ತಿಲ್ಲ ಎಂದು ತೋರಿಸಲಿ. ಇನಿಶಿಯಲ್ಲಿನಂಥ ವ್ಯತ್ಯಾಸ ಕಂಡಾಗ ಬೆರಳು ಒತ್ತಿಸಿಕೊಂಡು ಅರ್ಜಿಯನ್ನು ಮುಂದಕ್ಕೆ ಬಿಡಲಿ. ಅಲ್ಲಿಯತನಕ ಒಂದು ಅಕ್ಷರಕ್ಕಾಗಿ ದಿನಗೂಲಿ ಬಿಟ್ಟು ಕ್ಯೂ ನಿಲ್ಲುವವನು ಬಸವರಾಜ, ಆ ಅಕ್ಷರ ಹೊಡೆದವರಲ್ಲ.