ದೂರು ಒಂದೇ, ಸಂಖ್ಯೆಯೂ ಒಂದೇ ಇರಲಿ: ಪೌರಾಡಳಿತ ನಿರ್ದೇಶನಾಲಯಕ್ಕೆ ಬಡಾವಣೆ ನಿವಾಸಿಗಳ ಮನವಿ

ಗೆ,
ಮಾನ್ಯ ನಿರ್ದೇಶಕರು,
ಪೌರಾಡಳಿತ ನಿರ್ದೇಶನಾಲಯ, ಬೆಂಗಳೂರು.

ಮುಖಾಂತರ: ಯೋಜನಾ ನಿರ್ದೇಶಕರು, ಜಿಲ್ಲಾ ನಗರಾಭಿವೃದ್ಧಿ ಕೋಶ.

ವಿಷಯ: ಕುಂದುಕೊರತೆ ಪೋರ್ಟಲ್‌ನಲ್ಲಿ ಪರಿಹಾರವಾಗದ ದೂರನ್ನು ಮುಕ್ತಾಯಗೊಳಿಸಿ ಹೊಸ ಸಂಖ್ಯೆ ಕೊಡುವ ಪದ್ಧತಿ ನಿಲ್ಲಿಸುವ ಕುರಿತು.

ಮಾನ್ಯರೇ,

ಈ ಮನವಿ ಸಲ್ಲಿಸುತ್ತಿರುವವರು ಜಿಲ್ಲೆಯ ಒಂದು ಪುರಸಭೆ ವ್ಯಾಪ್ತಿಯ ಬಡಾವಣೆಯ ನಿವಾಸಿಗಳು. ಅವರ ಬೀದಿಯ ತಿರುವಿನಲ್ಲಿ, ಅಂಗನವಾಡಿಯ ಗೇಟಿಗೆ ಅಂಟಿಕೊಂಡಂತೆ, ಒಂದು ಮ್ಯಾನ್‌ಹೋಲ್ ಇದೆ. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ, ಮನೆಮನೆಯಲ್ಲೂ ಸ್ನಾನ, ಪಾತ್ರೆ, ಬಟ್ಟೆ ನಡೆಯುವ ಹೊತ್ತಿಗೆ, ಅದರ ಮುಚ್ಚಳದ ಅಂಚಿನಿಂದ ಕೊಳಚೆ ಉಕ್ಕಿ ಗೇಟಿನ ಮುಂದೆ ನಿಲ್ಲುತ್ತದೆ. ಮಕ್ಕಳನ್ನು ಎತ್ತಿಕೊಂಡೇ ಒಳಗೆ ಬಿಡಬೇಕು. ಮಧ್ಯಾಹ್ನದ ಹೊತ್ತಿಗೆ ಹರಿವು ಇಳಿದು ರಸ್ತೆ ಒಣಗಿರುತ್ತದೆ, ಕಪ್ಪು ಕಲೆಯೊಂದು ಉಳಿದಿರುತ್ತದೆ.

ನಿವಾಸಿಗಳು ಪೋರ್ಟಲ್‌ನಲ್ಲಿ ದೂರು ದಾಖಲಿಸಿದರು. ಎಸ್‌ಎಂಎಸ್ ಮೂಲಕ ದೂರು ಸಂಖ್ಯೆ ಬಂತು. ಸಿಬ್ಬಂದಿ ಸ್ಥಳಕ್ಕೆ ಬಂದದ್ದೂ ನಿಜ, ಆದರೆ ಬಂದದ್ದು ಮಧ್ಯಾಹ್ನದ ನಂತರ. ಒಣಗಿದ ರಸ್ತೆಯ ಫೋಟೊ ಏರಿತು, ‘ಸ್ಥಳ ಪರಿಶೀಲಿಸಲಾಗಿದೆ, ಸಮಸ್ಯೆ ಕಂಡುಬಂದಿಲ್ಲ’ ಎಂಬ ಷರಾದೊಂದಿಗೆ ದೂರು ಮುಕ್ತಾಯವಾಯಿತು. ಮತ್ತೆ ದೂರು ಕೊಡಲು ಹೋದರೆ ಹಳೆಯ ಸಂಖ್ಯೆಯನ್ನು ತೆರೆಯುವ ಅವಕಾಶ ಇರಲಿಲ್ಲ. ಹೊಸ ದೂರು, ಹೊಸ ಸಂಖ್ಯೆ. ಈ ಸಲ ಜೆಟ್ಟಿಂಗ್ ಯಂತ್ರ ಬಂದು ಆ ಒಂದು ಚೇಂಬರನ್ನು ಶುಚಿ ಮಾಡಿತು. ಅದರ ಫೋಟೊದೊಂದಿಗೆ ಎರಡನೆಯ ದೂರೂ ಮುಗಿಯಿತು. ವಾರ ಕಳೆಯುವಷ್ಟರಲ್ಲಿ ಕೊಳಚೆ ಮತ್ತೆ ಉಕ್ಕಿತು. ಮೂರನೆಯ ಸಂಖ್ಯೆಗೆ ಸಿಕ್ಕ ಉತ್ತರ, ‘ಒಳಚರಂಡಿ ಮಾರ್ಗ ಪುರಸಭೆಗೆ ಹಸ್ತಾಂತರವಾಗಿಲ್ಲ’ ಎಂಬುದು.

ಕೆಲಸ ಬಲ್ಲ ಯಾರೇ ನೋಡಿದರೂ ಕಾರಣ ಅಷ್ಟೇನೂ ಗೂಢವಲ್ಲ. ಕಟ್ಟಿಕೊಂಡಿರುವುದು ಚೇಂಬರ್ ಅಲ್ಲ, ಆ ಚೇಂಬರಿಗೂ ಕೆಳಗಿನ ಚೇಂಬರಿಗೂ ನಡುವಿನ ಕೊಳವೆ. ಅದು ಪೂರ್ತಿ ಮುಚ್ಚಿದ್ದರೆ ದಿನವಿಡೀ ಉಕ್ಕುತ್ತಿತ್ತು. ಅರ್ಧ ಮುಚ್ಚಿರುವುದರಿಂದ ಹರಿವು ಹೆಚ್ಚಿದ ಹೊತ್ತಿನಲ್ಲಿ ಮಾತ್ರ ನೀರು ಹಿಂದಕ್ಕೆ ಒತ್ತುತ್ತದೆ. ಚೇಂಬರಿನಲ್ಲಿ ಕೂತ ಹೂಳು ತೆಗೆದರೆ ಕೆಲವು ದಿನ ಉಸಿರಾಡಲು ಜಾಗ ಸಿಗುತ್ತದೆ, ಅಷ್ಟೆ. ಕೊಳವೆ ಕುಸಿದಿದ್ದರೆ ರಸ್ತೆ ಅಗೆದು ಆ ತುಂಡನ್ನು ಬದಲಿಸಬೇಕು. ಅದಕ್ಕೆ ಅಂದಾಜುಪಟ್ಟಿ ಬೇಕು, ಮಂಜೂರಾತಿ ಬೇಕು, ಮಾರ್ಗ ನಿಜಕ್ಕೂ ಹಸ್ತಾಂತರವಾಗಿಲ್ಲದಿದ್ದರೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯೊಂದಿಗೆ ಪತ್ರವ್ಯವಹಾರವೂ ಬೇಕು. ಇವು ಯಾವುವೂ ವಾರ್ಡಿನ ಕಿರಿಯ ಎಂಜಿನಿಯರ್ ಒಬ್ಬರೇ ತೀರ್ಮಾನಿಸುವ ಸಂಗತಿಗಳಲ್ಲ.

ಪೋರ್ಟಲ್‌ನಲ್ಲಿ ಹಂತಗಳನ್ನು ಇಟ್ಟಿರುವುದು ಇದೇ ಕಾರಣಕ್ಕೆ. ದೂರು ಮೊದಲು ಸ್ಥಳದ ಎಂಜಿನಿಯರ್ ಅಥವಾ ಆರೋಗ್ಯ ನಿರೀಕ್ಷಕರ ಖಾತೆಗೆ ಬೀಳುತ್ತದೆ. ನಿಗದಿತ ದಿನಗಳಲ್ಲಿ ಕೆಲಸ ಆಗದಿದ್ದರೆ ಅವರ ಮೇಲಧಿಕಾರಿಗೆ, ಅಲ್ಲೂ ನಿಂತರೆ ಮುಖ್ಯಾಧಿಕಾರಿಗೆ, ಅಲ್ಲಿಂದ ಜಿಲ್ಲಾ ನಗರಾಭಿವೃದ್ಧಿ ಕೋಶದ ಕಡೆಗೆ ಏರಬೇಕು. ಕೆಳಗಿನವರನ್ನು ಶಿಕ್ಷಿಸುವುದು ಈ ಏರಿಕೆಯ ಉದ್ದೇಶವೆಂದು ಅರ್ಜಿದಾರರು ಭಾವಿಸುವುದಿಲ್ಲ. ಹಣಕಾಸಿನ ಅಧಿಕಾರ ಇಲ್ಲದವರ ಕೈಯಿಂದ ಅಧಿಕಾರ ಇರುವವರ ಕೈಗೆ ಕಡತ ತಲುಪುವ ದಾರಿ ಅದು. ಆದರೆ ಏರಿಕೆ ನಡೆಯುವುದು ದಿನಗಳ ಲೆಕ್ಕದ ಮೇಲೆ. ದೂರು ಮುಕ್ತಾಯವಾದ ಕ್ಷಣಕ್ಕೆ ಆ ಲೆಕ್ಕ ನಿಲ್ಲುತ್ತದೆ, ಹೊಸ ಸಂಖ್ಯೆ ಹುಟ್ಟಿದ ಕ್ಷಣಕ್ಕೆ ಸೊನ್ನೆಯಿಂದ ಶುರುವಾಗುತ್ತದೆ. ಹೀಗಾಗಿ ಅಂಗನವಾಡಿ ಮುಂದಿನ ಮ್ಯಾನ್‌ಹೋಲ್ ಒಂದು ಇಡೀ ಮಳೆಗಾಲ ಉಕ್ಕಿದರೂ ಅದರ ದೂರು ಒಮ್ಮೆಯೂ ಮೊದಲ ಹಂತ ದಾಟಲಿಲ್ಲ. ಮುಖ್ಯಾಧಿಕಾರಿಯವರ ಪರದೆಯಲ್ಲಿ ಕಾಣುವುದು ಅವಧಿಯೊಳಗೆ ವಿಲೇವಾರಿಯಾದ ಮೂರು ದೂರುಗಳು. ಬಾಕಿ ಇಲ್ಲ.

ಬಾಕಿ ದೂರುಗಳ ಸಂಖ್ಯೆಯನ್ನೇ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಅಳತೆಗೋಲಾಗಿ ಬಳಸುವವರೆಗೆ ಬೇಗ ಮುಕ್ತಾಯಗೊಳಿಸುವ ಒತ್ತಡ ಸಿಬ್ಬಂದಿಯ ಮೇಲೆ ಇದ್ದೇ ಇರುತ್ತದೆ. ಅದಕ್ಕಾಗಿ ಒಬ್ಬ ಎಂಜಿನಿಯರ್ ಮೇಲೆ ಕ್ರಮ ಜರುಗಿಸಿ ಎಂದು ಅರ್ಜಿದಾರರು ಕೇಳುತ್ತಿಲ್ಲ. ಅವರು ಕೇಳುತ್ತಿರುವುದು ವ್ಯವಸ್ಥೆಯ ಬದಲಾವಣೆಯನ್ನು.

ಮೊದಲ ಬೇಡಿಕೆ, ಮತ್ತು ಉಳಿದೆಲ್ಲವೂ ನಿಂತಿರುವುದು ಇದರ ಮೇಲೆ: ಮುಕ್ತಾಯದ ಸಂದೇಶ ಬಂದ ಮೇಲೆ ದೂರುದಾರರು ಒಪ್ಪದಿದ್ದರೆ ಅದೇ ಸಂಖ್ಯೆ ಮತ್ತೆ ತೆರೆದುಕೊಳ್ಳಬೇಕು, ತೆರೆದುಕೊಂಡಾಗ ಅದು ಮುಕ್ತಾಯ ಮಾಡಿದ ಅಧಿಕಾರಿಯ ಬಳಿಗಲ್ಲ, ಅವರ ಮೇಲಿನ ಹಂತಕ್ಕೆ ಹೋಗಬೇಕು. ಕಳೆದ ದಿನಗಳು ಲೆಕ್ಕದಲ್ಲಿ ಉಳಿಯಬೇಕು. ಇದು ಎಲ್ಲೂ ಇಲ್ಲದ ಸೌಲಭ್ಯವೇನೂ ಅಲ್ಲ. ಕೇಂದ್ರ ಸರ್ಕಾರದ CPGRAMS ವ್ಯವಸ್ಥೆಯಲ್ಲಿ ದೂರು ಮುಗಿದ ಮೇಲೆ ನಾಗರಿಕರು ಅತೃಪ್ತಿ ದಾಖಲಿಸಿದರೆ ಮೇಲ್ಮನವಿಯ ಅವಕಾಶ ತೆರೆದುಕೊಳ್ಳುತ್ತದೆ, ಆ ಮೇಲ್ಮನವಿ ಬೇರೊಬ್ಬ ಹಿರಿಯ ಅಧಿಕಾರಿಯ ಮುಂದೆ ಹೋಗುತ್ತದೆ. 2024ರ ಆಗಸ್ಟ್‌ನ ಮಾರ್ಗಸೂಚಿ ಅಲ್ಲಿ ವಿಲೇವಾರಿಯ ಗಡುವನ್ನು 21 ದಿನಕ್ಕೆ ಇಳಿಸಿತು. ದೆಹಲಿಯ ಸಚಿವಾಲಯದ ವಿರುದ್ಧದ ದೂರಿಗೆ ಇರುವ ಮೇಲ್ಮನವಿ ಬೀದಿಯ ಚರಂಡಿಯ ದೂರಿಗೂ ಇರಲಿ ಎಂಬುದು ಅರ್ಜಿದಾರರ ಕೋರಿಕೆ.

ರಾಜ್ಯದೊಳಗೇ ಇನ್ನೊಂದು ಉದಾಹರಣೆ ಇದೆ. 2011ರ ಸಕಾಲ ಕಾಯ್ದೆಯಡಿ ಜನನ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟವರಿಗೆ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ. ಗಡುವು ಮೀರಿದರೆ ಆ ಸಂಖ್ಯೆ ಹಿಡಿದು ಮೇಲ್ಮನವಿ ಸಲ್ಲಿಸಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನೂ ಕೇಳಬಹುದು. ಮೊತ್ತ ಚಿಕ್ಕದು, ಆದರೆ ಆ ಸಂಖ್ಯೆಗೆ ಕಾನೂನಿನ ಬಲ ಇದೆ. ಚರಂಡಿ ಮತ್ತು ಬೀದಿದೀಪದ ದೂರಿನ ಸಂಖ್ಯೆಗೆ ಅಂಥ ಬಲವಿಲ್ಲ, ಅದರ ಹಿಂದಿನ ಕೆಲಸ ಪುರಸಭೆಯ ಕಡ್ಡಾಯ ಕರ್ತವ್ಯವೇ ಆಗಿದ್ದರೂ.

ಎರಡನೆಯ ಬೇಡಿಕೆ ಮುಕ್ತಾಯದ ಸಾಕ್ಷ್ಯಕ್ಕೆ ಸಂಬಂಧಿಸಿದ್ದು. ದೂರಿನ ನಮೂನೆಯಲ್ಲಿ ‘ಸಮಸ್ಯೆ ಕಾಣುವ ಸಮಯ’ ಎಂಬ ಕಾಲಂ ಇರಲಿ, ಮುಕ್ತಾಯದ ಫೋಟೊದ ಮೇಲೆ ತೆಗೆದ ದಿನಾಂಕ, ಗಂಟೆ ಮತ್ತು ಸ್ಥಳ ಅಚ್ಚಾಗಲಿ. ಬೆಳಗ್ಗೆ ಏಳಕ್ಕೆ ಉಕ್ಕುವ ಮ್ಯಾನ್‌ಹೋಲನ್ನು ಮಧ್ಯಾಹ್ನ ಮೂರಕ್ಕೆ ನೋಡಿ ಮುಗಿಸಿದ್ದು ಆಗ ಯಾರೂ ಹೇಳದೆಯೇ ಮೇಲಧಿಕಾರಿಗೆ ಕಾಣುತ್ತದೆ. ‘ಬೇರೆ ಇಲಾಖೆಗೆ ಸಂಬಂಧಿಸಿದ್ದು’ ಎಂಬ ಕಾರಣಕ್ಕೆ ದೂರು ಮುಕ್ತಾಯವಾಗುವುದೂ ನಿಲ್ಲಬೇಕು. ಸಂಬಂಧಪಟ್ಟ ಇಲಾಖೆಗೆ ಅದನ್ನು ಕಳಿಸುವ ಕೆಲಸ ಕಚೇರಿಯದು. ಹಸ್ತಾಂತರ ಆಗಿದೆಯೋ ಇಲ್ಲವೋ ಎಂಬ ಕಡತ ಅಂಗನವಾಡಿ ಕಾರ್ಯಕರ್ತೆಯ ಬಳಿ ಇರುವುದಿಲ್ಲ.

ದೂರು ಸಂಖ್ಯೆಯನ್ನು ಕಾಪಾಡಿಕೊಳ್ಳುವ ಹೊಣೆ ಜನರದ್ದೇ ಎಂಬುದನ್ನು ಅರ್ಜಿದಾರರು ಒಪ್ಪುತ್ತಾರೆ, ಅದಕ್ಕೆ ಒಂದು ವ್ಯವಸ್ಥೆಯನ್ನೂ ಮಾಡಿಕೊಂಡಿದ್ದಾರೆ. ಬಡಾವಣೆಯ ಹಾಲಿನ ಬೂತಿನಲ್ಲಿ ಉದ್ದದ ರಿಜಿಸ್ಟರ್ ಒಂದಿದೆ. ಯಾರೇ ದೂರು ಕೊಟ್ಟರೂ ಸಂಖ್ಯೆ, ದಿನಾಂಕ, ಯಾವ ಮೊಬೈಲಿನಿಂದ ಕೊಟ್ಟದ್ದು, ಪೋರ್ಟಲ್‌ನಲ್ಲಿ ಆರಿಸಿದ ವರ್ಗ ಯಾವುದು, ಇಷ್ಟನ್ನು ಅಲ್ಲಿ ಬರೆಯುತ್ತಾರೆ. ವರ್ಗವನ್ನು ಬರೆದಿಡಲು ಕಾರಣವಿದೆ: ‘ಮಳೆನೀರು ಚರಂಡಿ’ ಎಂದು ಒತ್ತಿದರೆ ದೂರು ಒಬ್ಬರಿಗೆ, ‘ಒಳಚರಂಡಿ’ ಎಂದು ಒತ್ತಿದರೆ ಇನ್ನೊಬ್ಬರಿಗೆ ಹೋಗುತ್ತದೆ. ಸಂಖ್ಯೆಯಲ್ಲಿ ಅಕ್ಷರಗಳೂ ಸೇರಿದ್ದಾಗ ಸೊನ್ನೆಯನ್ನು O ಎಂದು, ಒಂದನ್ನು I ಎಂದು ಬರೆದುಕೊಂಡು ಸ್ಥಿತಿಗತಿ ಸಿಗದೆ ಪರದಾಡುವುದುಂಟು. ಹಾಗಾಗಿ ಬರೆದುಕೊಳ್ಳುವುದರ ಜೊತೆಗೆ ಪರದೆಯ ಚಿತ್ರವನ್ನೂ ತೆಗೆದಿಡುತ್ತಾರೆ. ಷರಾ ಬಂದ ದಿನವೇ ಅದನ್ನು ಅಕ್ಷರಶಃ ನಕಲು ಮಾಡುತ್ತಾರೆ.

ಆದರೂ ಕೆಲವು ತೊಡಕುಗಳನ್ನು ರಿಜಿಸ್ಟರ್ ನೀಗಿಸಲಾರದು. ಮೂಲೆಮನೆಯ ಅಜ್ಜಿಯೊಬ್ಬರ ದೂರನ್ನು ಪಕ್ಕದ ಮನೆಯ ಹುಡುಗ ತನ್ನ ಫೋನಿನಿಂದ ದಾಖಲಿಸಿದ್ದ. ಅವನು ಕೆಲಸಕ್ಕೆಂದು ಬೇರೆ ಊರಿಗೆ ಹೋಗಿ ಸಿಮ್ ಬದಲಿಸಿದ. ಸಂಖ್ಯೆ ಕೈಯಲ್ಲಿದ್ದರೂ ಒಟಿಪಿ ಹಳೆಯ ಮೊಬೈಲಿಗೇ ಹೋಗುವುದರಿಂದ ಅಜ್ಜಿಗೆ ತನ್ನ ದೂರು ಎಲ್ಲಿದೆ ಎಂದು ನೋಡಲು ಆಗಲಿಲ್ಲ. ಆದ್ದರಿಂದ ಕೋರಿಕೆ: ಸ್ಥಿತಿಗತಿ, ಈಗ ಇರುವ ಹಂತ ಮತ್ತು ಅಧಿಕಾರಿಯ ಹುದ್ದೆ, ಇವು ಸಂಖ್ಯೆಯೊಂದರಿಂದಲೇ ಕಾಣಲಿ. ದೂರುದಾರರ ಹೆಸರು, ವಿಳಾಸ ಬೇಕಿದ್ದರೆ ಮರೆಯಾಗಿರಲಿ. ಪುರಸಭೆಯ ಕೌಂಟರಿನಲ್ಲಿ ದೂರು ಕೊಟ್ಟವರಿಗೆ ಸಂಖ್ಯೆ ಅಚ್ಚಾದ ಸ್ವೀಕೃತಿ ಚೀಟಿ ಕೈಗೆ ಸಿಗಲಿ, ಫೋನಿನಲ್ಲಿ ದೂರು ಪಡೆಯುವವರು ಸಂಖ್ಯೆಯನ್ನು ಬಿಡಿಬಿಡಿಯಾಗಿ ಎರಡು ಸಲ ಓದಿ ಹೇಳಲಿ.

ಬೇಸತ್ತವರು 1902ಕ್ಕೆ ಕರೆಮಾಡಿ ಜನಸ್ಪಂದನದಲ್ಲೂ ದೂರು ದಾಖಲಿಸುತ್ತಾರೆ. ಅಲ್ಲಿ ಮತ್ತೊಂದು ಸಂಖ್ಯೆ ಸಿಗುತ್ತದೆ, ಕೆಲಸ ಮಾಡಬೇಕಾದವರು ಸ್ಥಳೀಯ ಸಂಸ್ಥೆಯವರೇ ಆದ್ದರಿಂದ ದೂರು ಅವರ ಬಳಿಗೇ ಬರುತ್ತದೆ. ಎರಡೂ ಕಡೆಯ ನಮೂನೆಯಲ್ಲಿ ‘ಹಿಂದಿನ ದೂರು ಸಂಖ್ಯೆ’ ಎಂಬ ಕಾಲಂ ಕಡ್ಡಾಯವಾಗಿ ಇದ್ದರೆ, ಒಂದೇ ಮ್ಯಾನ್‌ಹೋಲಿನ ಇತಿಹಾಸ ಒಂದೇ ಕಡೆ ಓದಲು ಸಿಗುತ್ತದೆ.

ಈ ಮನವಿಗೆ ಮುನ್ನ ಅರ್ಜಿದಾರರು ಮಾಹಿತಿ ಹಕ್ಕು ಕಾಯ್ದೆಯನ್ನೂ ಬಳಸಿದ್ದಾರೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದು ಸಾಮಾನ್ಯವಾಗಿ 150 ಪದ ಮೀರಬಾರದು. ಮಳೆಗಾಲದ ಕಥೆಯನ್ನೆಲ್ಲ ಅಷ್ಟರಲ್ಲಿ ಹೇಳಲಾಗದು. ದೂರು ಸಂಖ್ಯೆ ಇದ್ದರೆ ಒಂದೇ ವಾಕ್ಯ ಸಾಕು: ಈ ಸಂಖ್ಯೆಯ ದೂರಿನ ಮೇಲೆ ಕೈಗೊಂಡ ಕ್ರಮದ ಕಡತ, ಸ್ಥಳ ಪರಿಶೀಲನಾ ವರದಿ ಮತ್ತು ಮುಕ್ತಾಯಕ್ಕೆ ಅನುಮೋದನೆ ಕೊಟ್ಟ ಟಿಪ್ಪಣಿಯ ನಕಲು ಕೊಡಿ. 10 ರೂಪಾಯಿ ಶುಲ್ಕದೊಂದಿಗೆ ಕೊಟ್ಟ ಇಂಥ ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಅರ್ಜಿದಾರರಿಗೆ ಬಂದ ಉತ್ತರದಲ್ಲಿ ಪರಿಶೀಲನಾ ವರದಿ ಇರಲಿಲ್ಲ, ಪೋರ್ಟಲ್‌ನ ಅದೇ ಷರಾದ ಮುದ್ರಿತ ಪ್ರತಿ ಇತ್ತು. ಮುಕ್ತಾಯಕ್ಕೆ ಮುನ್ನ ಪರಿಶೀಲನಾ ವರದಿಯನ್ನು ಪೋರ್ಟಲ್‌ಗೆ ಸೇರಿಸುವುದು ಕಡ್ಡಾಯವಾಗಬೇಕೆಂಬ ಬೇಡಿಕೆ ಹುಟ್ಟಿದ್ದು ಅಲ್ಲಿಂದ.

ನಿರ್ದೇಶನಾಲಯವು ಈ ಬೇಡಿಕೆಗಳನ್ನು ಪರಿಶೀಲಿಸಿ ಸ್ಥಳೀಯ ಸಂಸ್ಥೆಗಳಿಗೆ ಸುತ್ತೋಲೆ ಹೊರಡಿಸಬೇಕು. ತಂತ್ರಾಂಶದ ಬದಲಾವಣೆಗೆ ಸಮಯ ಹಿಡಿಯುವುದಾದರೆ, ಅದುವರೆಗೆ ಒಂದೇ ಸ್ಥಳದಿಂದ ಒಂದೇ ವರ್ಗದಲ್ಲಿ ಮರುಕಳಿಸುವ ದೂರುಗಳ ಪಟ್ಟಿಯನ್ನು ಪ್ರತಿ ತಿಂಗಳು ಮುಖ್ಯಾಧಿಕಾರಿಯವರೇ ನೋಡಿ ಸಹಿ ಮಾಡುವಂತೆ ಸೂಚಿಸಬೇಕು. ಅಂಗನವಾಡಿ ಮುಂದಿನ ಕೊಳವೆಯನ್ನು ಬೆಳಗಿನ ಹೊತ್ತಿನಲ್ಲಿ, ನಿವಾಸಿಗಳ ಸಮಕ್ಷಮದಲ್ಲಿ, ಕೆಳಗಿನ ಚೇಂಬರಿನವರೆಗೂ ಪರೀಕ್ಷಿಸಿ ಅಂದಾಜುಪಟ್ಟಿ ತಯಾರಿಸಲು ಪುರಸಭೆಗೆ ನಿರ್ದೇಶನ ನೀಡಬೇಕು.

ಮೂರೂ ದೂರುಗಳ ಸ್ವೀಕೃತಿ ಸಂದೇಶಗಳು, ಮುಕ್ತಾಯದ ಷರಾಗಳು, ಬೆಳಗ್ಗೆ ಮತ್ತು ಮಧ್ಯಾಹ್ನ ತೆಗೆದ ಫೋಟೊಗಳು ಹಾಗೂ ರಿಜಿಸ್ಟರಿನ ಸಂಬಂಧಿತ ಪುಟಗಳ ನಕಲನ್ನು ಲಗತ್ತಿಸಲಾಗಿದೆ. ಈ ಮನವಿಗೂ ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕವನ್ನು ನೀಡಬೇಕಾಗಿ ವಿನಂತಿ.

ಇಂತಿ,
ಬಡಾವಣೆಯ ನಿವಾಸಿಗಳು
(ಸಹಿಗಳು ಲಗತ್ತಿಸಿದ ಹಾಳೆಯಲ್ಲಿವೆ)